ಮಿಥಿಲೀನ್ ಬ್ಲೂ ಪರೀಕ್ಷೆ: ನಾಲ್ಕು ವರ್ಷ ಬಳಸಿದ ಮೇಲೆ ನನ್ನ ಅನುಭವ

ಹಸಿ ಹಾಲು ಪರೀಕ್ಷೆ ಮಾಡುವ ಸಣ್ಣ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಮಿಥಿಲೀನ್ ಬ್ಲೂ ಪರೀಕ್ಷೆ ಮಾಡುತ್ತಿದ್ದೇನೆ. ನಾವೆಲ್ಲ ಕರೆಯುವುದು ಎಂಬಿಆರ್‌ಟಿ ಅಂತ. ಬೇಕಾಗುವ ಸಾಮಾನು ಕಡಿಮೆ. ಬಣ್ಣದ ಮಾತ್ರೆ, ರಬ್ಬರ್ ಬಿರಡೆ ಇರುವ ಟೆಸ್ಟ್ ಟ್ಯೂಬ್, ಪಿಪೆಟ್, 37 ಡಿಗ್ರಿಯಲ್ಲಿ ನಿಲ್ಲುವ ವಾಟರ್ ಬಾತ್, ಒಂದು ಗಡಿಯಾರ. ಮೈಕ್ರೋಸ್ಕೋಪ್ ಬೇಡ, ಅಗಾರ್ ತಟ್ಟೆ ಬೇಡ. 10 ಮಿಲೀ ಹಾಲಿಗೆ 1 ಮಿಲೀ ನೀಲಿ ದ್ರಾವಣ ಹಾಕಿ, ಬಿರಡೆ ಹಾಕಿ, ನಿಧಾನವಾಗಿ ತಲೆಕೆಳಗು ಮಾಡಿ, ಬಿಸಿ ನೀರಿನಲ್ಲಿಟ್ಟು ಕಾಯುವುದು. ನೀಲಿ ಬೇಗ ಹೋದರೆ ಬ್ಯಾಕ್ಟೀರಿಯಾ ಜಾಸ್ತಿ, ನಿಧಾನವಾಗಿ ಹೋದರೆ ಕಡಿಮೆ. ಕಲಿಸುವವರು ಇಷ್ಟನ್ನೇ ಹೇಳಿ ಮುಗಿಸುತ್ತಾರೆ. ಇಷ್ಟು ಮಾತ್ರ ಗೊತ್ತಿದ್ದರೆ ಈ ಪರೀಕ್ಷೆ ಒಂದಲ್ಲ ಒಂದು ದಿನ ನಿಮ್ಮನ್ನು ದಾರಿ ತಪ್ಪಿಸುತ್ತದೆ. ನನ್ನನ್ನೂ ತಪ್ಪಿಸಿತ್ತು.

ನೀಲಿ ಯಾಕೆ ಹೋಗುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಮಿಥಿಲೀನ್ ಬ್ಲೂ ಎಲೆಕ್ಟ್ರಾನ್ ಪಡೆದುಕೊಂಡರೆ ಬಣ್ಣ ಕಳೆದುಕೊಳ್ಳುತ್ತದೆ. ಆ ಎಲೆಕ್ಟ್ರಾನನ್ನು ಆಮ್ಲಜನಕ ಕಿತ್ತುಕೊಂಡರೆ ಮತ್ತೆ ನೀಲಿಯಾಗುತ್ತದೆ. ಕರೆದ ಹಾಲಿನಲ್ಲಿ ಗಾಳಿಯ ಆಮ್ಲಜನಕ ಕರಗಿರುತ್ತದೆ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬೆಳೆಯುವಾಗ ಎಲೆಕ್ಟ್ರಾನ್‌ಗಳನ್ನು ಎಲ್ಲಾದರೂ ಸುರಿಯಲೇಬೇಕು. ಮೊದಲು ಸುರಿಯುವುದು ಈ ಆಮ್ಲಜನಕದ ಮೇಲೆ. ಅದು ಇರುವವರೆಗೆ ಹಾಲಿನ ವಿದ್ಯುತ್ ವಿಭವ ಸುಮಾರು +0.2 ರಿಂದ +0.3 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ, ಬಣ್ಣವೂ ಗಟ್ಟಿಯಾಗಿ ನಿಲ್ಲುತ್ತದೆ. ಆಮ್ಲಜನಕ ತೀರಿದ ಮೇಲೆ ವಿಭವ ಇಳಿಯುತ್ತದೆ. ಸೊನ್ನೆಯ ಹತ್ತಿರ ಬಂದಾಗ ಬಣ್ಣ ಎಲೆಕ್ಟ್ರಾನ್ ಪಡೆಯಲು ಶುರು ಮಾಡಿ ಬಿಳಿಯಾಗುತ್ತದೆ.

ಅಂದರೆ ಬಣ್ಣ ಬ್ಯಾಕ್ಟೀರಿಯಾವನ್ನು ಎಣಿಸುವುದಿಲ್ಲ. ಹಾಲಿನೊಳಗಿನ ಆಮ್ಲಜನಕ ತೀರಿತು ಎಂದಷ್ಟೇ ಹೇಳುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಬಿಳಿಯಾದ ಟ್ಯೂಬ್ ತೆಗೆದು ಜೋರಾಗಿ ಅಲ್ಲಾಡಿಸಿ. ನೀಲಿ ವಾಪಸ್ ಬರುತ್ತದೆ. ವಾಟರ್ ಬಾತ್‌ನಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಬಿಳಿ. ಟ್ಯೂಬಿನ ಮೇಲ್ಭಾಗದಲ್ಲಿ, ಕೆನೆ ಕಟ್ಟಿದ ಕಡೆ, ತೆಳು ನೀಲಿ ಉಂಗುರ ಉಳಿಯುವುದೂ ಇದಕ್ಕೇ. ಮೇಲಿನ ಗಾಳಿ ಅಲ್ಲಿಗೆ ಆಮ್ಲಜನಕ ಕೊಡುತ್ತಲೇ ಇರುತ್ತದೆ. ಅದಕ್ಕೇ ಮೇಲಿನ 5 ಮಿಲೀಮೀಟರ್ ಬಿಟ್ಟು ಕೆಳಗಿನ ಹಾಲು ಪೂರ್ತಿ ಬಿಳಿಯಾದರೆ ಸಾಕು. ಅದನ್ನೇ ಬಣ್ಣ ಹೋಯಿತು ಎಂದು ಬರೆದುಕೊಳ್ಳುತ್ತೇವೆ.

ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಬಣ್ಣದ ಬಾಟಲಿಯದ್ದು. ಪಾರದರ್ಶಕ ಬಾಟಲಿಯಲ್ಲಿ ದ್ರಾವಣ ಕಲಸಿ ಕಿಟಕಿ ಪಕ್ಕ ಇಟ್ಟಿದ್ದೆ, ತಿಂಗಳಿಡೀ ಅದನ್ನೇ ಬಳಸಿದೆ. ಬಣ್ಣ ಬೆಳಕಿಗೆ ಹಾಳಾಗಿ ತೆಳ್ಳಗಾಯಿತು. ತೆಳು ಬಣ್ಣ ಬೇಗ ಹೋಗುತ್ತದೆ. ಚೆನ್ನಾಗಿರುವ ಹಾಲನ್ನೂ ಕೆಟ್ಟದ್ದು ಎಂದು ಬರೆದು ಕಳಿಸಿದ್ದೆ. ಒಳ್ಳೆ ಹಾಲು ಕೊಟ್ಟವರಿಗೆ ಎಷ್ಟು ಅನ್ಯಾಯ ಆಗಿರಬಹುದು ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಈಗ ಕಂದು ಬಾಟಲಿ, ಫ್ರಿಜ್, ವಾರಕ್ಕೊಮ್ಮೆ ಹೊಸ ದ್ರಾವಣ. ಮಾತ್ರೆಯ ಡಬ್ಬಿಯಲ್ಲಿ ಬರೆದಷ್ಟೇ ನೀರಿನಲ್ಲಿ ಕರಗಿಸುತ್ತೇನೆ, ಅಂದಾಜು ಹಾಕುವುದಿಲ್ಲ. ಕೊನೆಗೆ ಹಾಲಿನಲ್ಲಿ ಸುಮಾರು 3 ಲಕ್ಷ ಪಾಲಿಗೆ 1 ಪಾಲು ಬಣ್ಣ ಬರುತ್ತದೆ. ಅದಕ್ಕಿಂತ ದಟ್ಟ ಆದರೆ ಬಣ್ಣವೇ ಬ್ಯಾಕ್ಟೀರಿಯಾಕ್ಕೆ ತೊಂದರೆ ಕೊಡಲು ಶುರು ಮಾಡುತ್ತದೆ, ಸಮಯ ಸುಮ್ನೆ ಉದ್ದವಾಗುತ್ತದೆ. ಟ್ಯೂಬುಗಳ ಮೇಲೂ ಬಿಸಿಲು ಬೀಳಬಾರದು, ಬೆಳಕೇ ಬಣ್ಣವನ್ನು ಕಳೆಯುತ್ತದೆ. ನಾನು ವಾಟರ್ ಬಾತ್‌ಗೆ ಮುಚ್ಚಳ ಹಾಕಿಯೇ ಇಡುತ್ತೇನೆ.

ಎರಡು ಟ್ಯೂಬ್‌ಗಳನ್ನು ನಾನು ಯಾವತ್ತೂ ಬಿಡುವುದಿಲ್ಲ. ಒಂದರಲ್ಲಿ ಮೂರು ನಿಮಿಷ ಕುದಿಸಿದ ಹಾಲು ಮತ್ತು ಬಣ್ಣ. ಅದು ಕೊನೆವರೆಗೂ ನೀಲಿಯಾಗೇ ಇರಬೇಕು. ಇನ್ನೊಂದರಲ್ಲಿ ಕುದಿಸಿದ ಹಾಲಿಗೆ ಬಣ್ಣದ ಬದಲು 1 ಮಿಲೀ ನೀರು. ಬಿಳಿ ಅಂದರೆ ಎಷ್ಟು ಬಿಳಿ ಎಂದು ಹೋಲಿಸಲು ಇದು. ಇವೆರಡನ್ನು ಪಕ್ಕದಲ್ಲಿ ಇಡದೆ ನೋಡಿದರೆ, ತಿಳಿ ನೀಲಿಯನ್ನು ಬಿಳಿ ಅಂತಲೂ ಬಿಳಿಯನ್ನು ತಿಳಿ ನೀಲಿ ಅಂತಲೂ ಕಣ್ಣು ಒಪ್ಪಿಕೊಂಡುಬಿಡುತ್ತದೆ.

ಓದುವ ಕ್ರಮ ಹೀಗೆ. ಅರ್ಧ ಗಂಟೆಗೆ ಮೊದಲ ಸಲ ನೋಡುತ್ತೇನೆ. ಆಮೇಲೆ ಗಂಟೆಗೊಮ್ಮೆ. ಇನ್ನೂ ನೀಲಿ ಇರುವ ಟ್ಯೂಬನ್ನು ಒಂದು ಸಲ ಮೆಲ್ಲಗೆ ತಲೆಕೆಳಗು ಮಾಡುತ್ತೇನೆ. ಕೆನೆ ಮೇಲೆ ಬರುವಾಗ ಬ್ಯಾಕ್ಟೀರಿಯಾವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ತಿರುಗಿಸಿದರೆ ಮತ್ತೆ ಎಲ್ಲ ಕಡೆ ಹರಡುತ್ತದೆ. ಒಂದೂವರೆ ಗಂಟೆಗೆ ಬಿಳಿಯಾಗಿದ್ದರೆ 1 ಗಂಟೆ, ಎರಡೂವರೆಗೆ ಬಿಳಿಯಾಗಿದ್ದರೆ 2 ಗಂಟೆ ಎಂದು ಬರೆಯುತ್ತೇನೆ.

ಈ ಪರೀಕ್ಷೆ ನನಗೆ ತುಂಬಾ ಇಷ್ಟವಾದದ್ದು ಒಂದು ಕ್ಯಾನಿನ ಕಥೆಯಿಂದ. ಒಬ್ಬರ ಹಾಲು ವಾರಗಟ್ಟಲೆ 2 ಗಂಟೆಗೇ ಬಣ್ಣ ಕಳೆದುಕೊಳ್ಳುತ್ತಿತ್ತು. "ಹಸು ಚೆನ್ನಾಗಿದೆ, ಕೆಚ್ಚಲು ಬಾವು ಇಲ್ಲ, ತೊಳೆದೇ ಕರೀತೀನಿ" ಎಂದು ಅವರು ಹೇಳುತ್ತಲೇ ಇದ್ದರು. ಜಗಳ ಬೇಡ, ಹಾಲನ್ನೇ ಕೇಳೋಣ ಅಂದುಕೊಂಡೆ. ಒಂದೇ ಹೊತ್ತಿನ ಹಾಲಿನಿಂದ ನಾಲ್ಕು ಮಾದರಿ ತೆಗೆದೆವು. ಕುದಿಸಿದ ಬಾಟಲಿಗೆ ನೇರ ಕರೆದದ್ದು, ಬಕೆಟ್‌ನದ್ದು, ಬಟ್ಟೆಯಲ್ಲಿ ಸೋಸಿದ ಮೇಲಿನದ್ದು, ಕ್ಯಾನಿಗೆ ಹಾಕಿ ಮುಚ್ಚಿ ಲ್ಯಾಬಿಗೆ ತಂದದ್ದು. ದಾರಿಯಲ್ಲಿ ಹಿಡಿಯುವ ಹೊತ್ತು ಎಲ್ಲಕ್ಕೂ ಒಂದೇ, ಸುತ್ತಲಿನ ಬಿಸಿಯೂ ಒಂದೇ. ಮೊದಲ ಮೂರು ಟ್ಯೂಬ್ ಆರೂವರೆ ಗಂಟೆಯ ಓದಿನಲ್ಲೇ ಬಿಳಿಯಾದದ್ದು, ಅಂದರೆ 6 ಗಂಟೆ. ಕ್ಯಾನಿನದು ಎರಡೂವರೆಯಲ್ಲೇ ಬಿಳಿ, ಅಂದರೆ 2 ಗಂಟೆ. ಹಸು, ಬಕೆಟ್, ಬಟ್ಟೆ ಮೂರೂ ಬಚಾವು.

ಕ್ಯಾನಿನ ಮುಚ್ಚಳ ತೆಗೆದು ರಬ್ಬರ್ ವಾಷರ್ ಎಳೆದೆ. ಅದರ ಹಿಂದೆ ಹಳದಿ, ಜಿಗುಟಾದ ಪದರ ಕಟ್ಟಿತ್ತು. ಬೆರಳಿಗೆ ಹತ್ತಿದ್ದು ಹುಳಿ ಮೊಸರಿನ ವಾಸನೆ ಬರುತ್ತಿತ್ತು. ಹೊರಗಿನಿಂದ ಕ್ಯಾನ್ ಫಳಫಳ ಹೊಳೆಯುತ್ತಿತ್ತು ನೋಡಿ. ವಾಷರ್ ಬದಲಾಯಿಸಿ, ಕ್ಯಾನನ್ನು ಬೋರಲು ಹಾಕಿ ಪೂರ್ತಿ ಒಣಗಿಸಲು ಹೇಳಿದೆ. ಮುಂದಿನ ವಾರ ಅದೇ ಕ್ಯಾನಿನ ಹಾಲು 5 ಗಂಟೆ ನಿಂತಿತು.

6 ಗಂಟೆಗೂ 2 ಗಂಟೆಗೂ ಇರುವ ಅಂತರ ಮೂರು ಪಟ್ಟು ಅಂತ ಅನಿಸುತ್ತದೆ, ಅಲ್ವಾ? ಹಾಗಲ್ಲ. ಟ್ಯೂಬಿನೊಳಗೂ ಬ್ಯಾಕ್ಟೀರಿಯಾ ದುಪ್ಪಟ್ಟಾಗುತ್ತಲೇ ಇರುತ್ತದೆ. ಅರ್ಧ ಗಂಟೆಗೊಮ್ಮೆ ದುಪ್ಪಟ್ಟು ಎಂದಿಟ್ಟುಕೊಳ್ಳಿ. 4 ಗಂಟೆ ಮೊದಲೇ ಬಣ್ಣ ಹೋಯಿತು ಅಂದರೆ ಎಂಟು ಸಲದ ದುಪ್ಪಟ್ಟು ಮೊದಲೇ ಆಗಿ ಮುಗಿದಿದೆ ಎಂದರ್ಥ. ಲೆಕ್ಕಕ್ಕೆ 256 ಪಟ್ಟು ಜಾಸ್ತಿ. ಇದು ಅಂದಾಜು ಲೆಕ್ಕ, ಪ್ರತಿ ಜಾತಿಯ ಬ್ಯಾಕ್ಟೀರಿಯಾ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಆದರೂ ಗಂಟೆಗಳನ್ನು ಹೀಗೆ ಓದಲು ಕಲಿತ ಮೇಲೆ, ಒಂದು ಗಂಟೆ ಕಡಿಮೆಯಾದರೆ ನಾನು ಸುಮ್ಮನಿರುವುದಿಲ್ಲ.

ಇನ್ನು ಈ ಪರೀಕ್ಷೆಯ ದೊಡ್ಡ ಕೊರತೆ. ಎರಡನೇ ವರ್ಷದ ಕೊನೆಗೆ ಒಂದು ತಣ್ಣನೆ ಟ್ಯಾಂಕಿನ ಹಾಲು ಬಂತು. ಮೂರು ದಿನ 4 ಡಿಗ್ರಿಯಲ್ಲಿ ಇಟ್ಟಿದ್ದರು. ಎಂಬಿಆರ್‌ಟಿ 6 ಗಂಟೆ. ತುಂಬಾ ಒಳ್ಳೆಯ ಹಾಲು ಎಂದು ಬರೆದೆ. ಅದೇ ಮಾದರಿಯ ಪ್ಲೇಟ್ ಕೌಂಟ್ ಬಂದಾಗ ತಟ್ಟೆ ತುಂಬಾ ಕಾಲೊನಿ, ಎಣಿಸಲು ಆಗಲಿಲ್ಲ. ಮೊದಲು ತಟ್ಟೆ ಹಾಕಿದವರ ಮೇಲೆ ಸಂಶಯಪಟ್ಟೆ. ತಪ್ಪು ಅವರದಾಗಿರಲಿಲ್ಲ.

ತಣ್ಣಗೆ ಇಟ್ಟ ಹಾಲಿನಲ್ಲಿ ಬೆಳೆಯುವುದು ಬೇರೆ ಬಳಗ, ಸ್ಯೂಡೊಮೊನಾಸ್ ತರಹದವು. ಇವು 4 ಡಿಗ್ರಿಯಲ್ಲೂ ನಿಧಾನವಾಗಿ ಹೆಚ್ಚುತ್ತವೆ. ಆದರೆ ಅವುಗಳಲ್ಲಿ ಅನೇಕಕ್ಕೆ 37 ಡಿಗ್ರಿ ಒಗ್ಗುವುದಿಲ್ಲ. ವಾಟರ್ ಬಾತ್‌ಗೆ ಹೋದ ಕೂಡಲೇ ಅವು ಮಂಕಾಗುತ್ತವೆ, ಆಮ್ಲಜನಕ ಬೇಗ ತೀರುವುದಿಲ್ಲ, ನೀಲಿ ಗಟ್ಟಿಯಾಗಿ ಕೂರುತ್ತದೆ. ಅಂದರೆ ಸಂಖ್ಯೆ ಜಾಸ್ತಿ ಇದ್ದರೂ ಬಣ್ಣ ಸುಳ್ಳು ಹೇಳುತ್ತದೆ. ಈ ಪರೀಕ್ಷೆ ತಣ್ಣಗಾಗದ, ಬೇಗ ಬಂದ ಹಾಲಿಗೆ ಹೊಂದಿಕೆಯಾದದ್ದು. ಅಂಥ ಹಾಲಿನಲ್ಲಿ ಹೆಚ್ಚಾಗಿ ಇರುವುದು ಲ್ಯಾಕ್ಟಿಕ್ ಆಮ್ಲ ಮಾಡುವ ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಇವೆರಡೂ ಬಣ್ಣವನ್ನು ಬೇಗ ಕಳೆಯುತ್ತವೆ.

ಆ ದಿನದ ನಂತರ ತಣ್ಣನೆ ಹಾಲಿಗೆ ಎರಡು ಟ್ಯೂಬ್ ಇಡುತ್ತೇನೆ. ಒಂದು ಬಂದ ಹಾಗೆಯೇ. ಇನ್ನೊಂದು 13 ಡಿಗ್ರಿಯಲ್ಲಿ 18 ಗಂಟೆ ಇಟ್ಟು ಆಮೇಲೆ ಬಣ್ಣ ಹಾಕಿದ್ದು. 13 ಡಿಗ್ರಿ ಚಳಿ ಬಳಗಕ್ಕೆ ಹಿತ, ಇದ್ದರೆ ಅದು ಅಲ್ಲಿ ಗುಂಪು ಕಟ್ಟಿ ಬಯಲಾಗುತ್ತದೆ. ಮೊದಲ ಟ್ಯೂಬ್ ಚೆನ್ನಾಗಿ ನಿಂತು ಎರಡನೆಯದು ಬೇಗ ಬಿಳಿಯಾದರೆ, ಟ್ಯಾಂಕಿನಲ್ಲಿ ಅಥವಾ ಪೈಪಿನಲ್ಲಿ ಎಲ್ಲೋ ತೊಳೆಯದ ಜಾಗ ಇದೆ ಎಂದು ಹುಡುಕಲು ಶುರು ಮಾಡುತ್ತೇವೆ. ಇದೂ ಎಣಿಕೆಗೆ ಬದಲಲ್ಲ. ಸಂಶಯ ಬಂದ ಹಾಲಿಗೆ ಪ್ಲೇಟ್ ಕೌಂಟ್ ಮಾಡಿಸಿಯೇ ಬರೆಯುತ್ತೇನೆ.

ನೀಲಿ ತುಂಬಾ ಹೊತ್ತು ನಿಂತರೆ ಖುಷಿಪಡುವ ಮೊದಲು ಇನ್ನೊಂದು ಕೇಳಿಕೊಳ್ಳಿ. ಹಸುವಿಗೆ ಆಂಟಿಬಯಾಟಿಕ್ ಕೊಟ್ಟಿದ್ದರೆ, ಹಾಲಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದರೆ, ಟ್ಯೂಬ್ ತೊಳೆದ ಕ್ಲೋರಿನ್ ಉಳಿದಿದ್ದರೆ, ಬ್ಯಾಕ್ಟೀರಿಯಾ ಸುಮ್ಮನಾಗಿ ಹೊತ್ತು ಉದ್ದವಾಗುತ್ತದೆ. ಕೆಚ್ಚಲು ಬಾವಿನ ಹಾಲಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿನ ಬಿಳಿ ರಕ್ತಕಣಗಳೂ ಆಮ್ಲಜನಕ ಬಳಸುತ್ತವೆ, ಬಣ್ಣ ಬೇಗ ಹೋಗುತ್ತದೆ, ಬ್ಯಾಕ್ಟೀರಿಯಾ ಅಷ್ಟೇನೂ ಇಲ್ಲದಿದ್ದರೂ.

ದಿನವೂ ಬಳಸುವವರಿಗೆ ಒಂದು ಮಾತು. ವಾಟರ್ ಬಾತ್‌ನ ನೀರು ಟ್ಯೂಬಿನೊಳಗಿನ ಹಾಲಿನ ಮಟ್ಟಕ್ಕಿಂತ ಮೇಲಿರಲಿ, ಒಂದು ಟ್ಯೂಬಿನ ಹಾಲಿನಲ್ಲೇ ಥರ್ಮಾಮೀಟರ್ ಇಟ್ಟು 37 ಡಿಗ್ರಿ ಬಂದದ್ದು ನೋಡಿ. ಡಯಲ್ ತೋರಿಸುವ ಅಂಕಿಯನ್ನು ನಾನು ನಂಬುವುದಿಲ್ಲ. ನನ್ನ ಯಂತ್ರದ ಡಯಲ್ 37 ತೋರಿಸುವಾಗ ಟ್ಯೂಬಿನೊಳಗೆ 35 ಇತ್ತು.