ಶೀತದ ಮಾತ್ರೆ ತಿಂದು ಮೂತ್ರ ಕಟ್ಟಿದ ರಾತ್ರಿ

ಮನೆಯಲ್ಲಿ ಅರವತ್ತು ದಾಟಿದ ಗಂಡಸರಿದ್ದರೆ ಇದನ್ನು ದಯವಿಟ್ಟು ಓದಿ. ನಾವು ಗೊತ್ತಿಲ್ಲದೆ ಮಾಡಿದ ತಪ್ಪಿನಿಂದ ಅಪ್ಪ ಒಂದು ರಾತ್ರಿಯಿಡೀ ನರಳಿದರು.

ನಮ್ಮದು ಕೇರಳದ ಕಾಸರಗೋಡು ಕಡೆ, ಬದಿಯಡ್ಕದ ಹತ್ತಿರ ಅಡಿಕೆ ತೋಟ. ಕಳೆದ ಮಳೆಗಾಲದಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾಗಿತ್ತು, ತೋಟಕ್ಕೆ ಮದ್ದು ಬಿಡಿಸುತ್ತಿದ್ದೆವು. ಅಪ್ಪನಿಗೆ ಎಪ್ಪತ್ತೊಂದು ವರ್ಷ. ಬೇಡ ಎಂದರೂ ಕೇಳದೆ ಒದ್ದೆಯಲ್ಲೇ ನಿಂತು ಶೀತ ಹಿಡಿಸಿಕೊಂಡರು. ನಾನು ಪೇಟೆಯ ಮೆಡಿಕಲ್‌ನಿಂದ ಶೀತದ ಮಾತ್ರೆ ತಂದುಕೊಟ್ಟೆ. ಅಂಗಡಿಯವರು ವಯಸ್ಸು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪ ದಿನಕ್ಕೆ ಮೂರರಂತೆ ತಿಂದರು.

ಎರಡನೇ ದಿನ ಸಂಜೆಯಿಂದ ಮೂತ್ರ ಹೋಗಲಿಲ್ಲ. ಅಮ್ಮ ಬಾರ್ಲಿ ನೀರು ಕಾಯಿಸಿದರು. ನಾನು ಎರಡು ಎಳನೀರು ಕೆತ್ತಿ ಕೊಟ್ಟೆ. ಉಷ್ಣಕ್ಕೆ ಹೀಗಾಗಿದೆ, ತಂಪು ಕುಡಿದರೆ ಸರಿಹೋಗುತ್ತದೆ ಎಂದೇ ನಂಬಿದ್ದೆವು. ಮೂತ್ರ ಉತ್ಪತ್ತಿಯೇ ಕಮ್ಮಿಯಾಗಿದ್ದರೆ ನೀರು ಕುಡಿಸಬಹುದು. ಆದರೆ ಇಲ್ಲಿ ಮೂತ್ರಚೀಲ ತುಂಬಿತ್ತು, ಬಾಗಿಲು ಮುಚ್ಚಿತ್ತು. ಕುಡಿಸಿದಷ್ಟೂ ನೋವು ಜಾಸ್ತಿಯಾಯಿತು.

ರಾತ್ರಿ ಹನ್ನೊಂದರ ಹೊತ್ತಿಗೆ ನಾಲ್ಕು ಹನಿ ಹೋಯಿತು. ನಮಗೆ ಸಮಾಧಾನವಾಯಿತು, ಬೆಳಿಗ್ಗೆ ಹೋದರಾಯಿತು ಎಂದುಕೊಂಡೆವು. ಇದೇ ನಮ್ಮ ದೊಡ್ಡ ತಪ್ಪು. ಚೀಲ ತುಂಬಿ ತುಳುಕಿದರೂ ಹೀಗೆ ಹನಿ ಬರುತ್ತದಂತೆ, ಅದು ಕಟ್ಟು ಬಿಟ್ಟ ಲಕ್ಷಣವಲ್ಲ. ಅಪ್ಪ ಗೋಡೆ ಹಿಡಿದು ಅತ್ತಿಂದಿತ್ತ ನಡೆದರು. ಕುಳಿತರೆ ನೋವು, ಮಲಗಿದರೂ ನೋವು. ಎರಡು ಗಂಟೆಗೆ ನಾನು ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳ ಕೆಳಗೆ ತೆಂಗಿನಕಾಯಿ ಇಟ್ಟಂತೆ ಗಟ್ಟಿಯಾಗಿ ಉಬ್ಬಿತ್ತು. ಒತ್ತಿದ ಕೂಡಲೇ ಅಪ್ಪ ಕಿರುಚಿದರು. ಆಗಲೇ ಜೀಪು ತರಿಸಿದೆ.

ಆಸ್ಪತ್ರೆಯಲ್ಲಿ ಮಲಯಾಳದಲ್ಲಿ "ಮೂತ್ರಂ ಪೋಕುನ್ನಿಲ್ಲ", ಮೂತ್ರ ಹೋಗುತ್ತಿಲ್ಲ, ಎಂದಷ್ಟೇ ಹೇಳಿದೆ. ನರ್ಸ್ ಹೊಟ್ಟೆ ನೋಡಿದ ಕೂಡಲೇ ಒಳಗೆ ಕರೆದರು. ಮರಗಟ್ಟಿಸುವ ಜೆಲ್ಲಿಯನ್ನು ಮೂತ್ರನಾಳಕ್ಕೆ ಬಿಟ್ಟು ಕೆಲವು ನಿಮಿಷ ಕಾದರು. ಆಮೇಲೆ ಮೆತ್ತಗಿನ ರಬ್ಬರ್ ಕೊಳವೆ, ಅಂದರೆ ಕ್ಯಾತಿಟರ್, ನಿಧಾನವಾಗಿ ಒಳಗೆ ಹಾಕಿದರು. ಒಂದು ಕಡೆ ತಡೆಯಿತು. ಡಾಕ್ಟರು ಒತ್ತಾಯಿಸಿ ದೂಡಲಿಲ್ಲ, ಅಪ್ಪನಿಗೆ ದೀರ್ಘ ಉಸಿರು ಬಿಡಲು ಹೇಳಿದರು. ಕೊಳವೆ ದಾಟಿತು. ಅದು ಜಾರದಂತೆ ತುದಿಯ ಬಲೂನಿಗೆ 10 ಮಿಲಿ ನೀರು ತುಂಬಿಸಿದರು. ಕೊಳವೆಗೆ ಜೋಡಿಸಿದ ಹೊರಗಿನ ಚೀಲಕ್ಕೆ ಮೂತ್ರ ಹರಿಯತೊಡಗಿತು. ಅಪ್ಪ ಕಣ್ಣು ಮುಚ್ಚಿ "ಅಬ್ಬ" ಎಂದರು, ಮುಖದ ಬಿಗಿ ನೋಡುತ್ತಿದ್ದಂತೆಯೇ ಸಡಿಲಾಯಿತು. ಒಟ್ಟು 1,150 ಮಿಲಿ. ಸಾಮಾನ್ಯವಾಗಿ 400–500 ಮಿಲಿ ತುಂಬುವಾಗಲೇ ಹೋಗಲೇಬೇಕು ಅನಿಸುತ್ತದೆ.

ನೋವು ಹೋಯಿತು, ಮನೆಗೆ ಬಿಡಿ ಎಂದೆ. ಅವರು ಬಿಡಲಿಲ್ಲ. ಹೀಗೆ ಕಟ್ಟಿದ್ದು ಬಿಟ್ಟ ಮೇಲೆ ಕೆಲವರಿಗೆ ಮೂತ್ರ ವಿಪರೀತ ಹರಿದು ನೀರು, ಉಪ್ಪಿನ ಅಂಶ ಕಮ್ಮಿಯಾಗುತ್ತದಂತೆ. ಅದಕ್ಕೆ ಗಂಟೆಗೊಮ್ಮೆ ಅಳೆದರು. ಗಂಟೆಗೆ 200 ಮಿಲಿಗಿಂತ ಜಾಸ್ತಿ ಹೋಗುತ್ತಲೇ ಇದ್ದರೆ ಜಾಗ್ರತೆ ಬೇಕು. ಕಿಡ್ನಿಗೆ ಪೆಟ್ಟಾಗಿದೆಯಾ ಎಂದು ರಕ್ತದ ಕ್ರಿಯಾಟಿನಿನ್ ಕೂಡ ನೋಡಿದರು. ಅದೃಷ್ಟಕ್ಕೆ ಎರಡೂ ಸರಿಯಿತ್ತು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಶೀತಕ್ಕೇನಾದರೂ ತಿಂದರಾ?" ಎಂದು. ಮಾತ್ರೆಯ ಸ್ಟ್ರಿಪ್ ತೋರಿಸಿದೆ. ಅದರಲ್ಲಿ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎರಡೂ ಇದ್ದವು. ಮೊದಲನೆಯದು ಮೂತ್ರಚೀಲ ಕುಗ್ಗುವ ಶಕ್ತಿ ಕಮ್ಮಿ ಮಾಡುತ್ತದೆ. ಎರಡನೆಯದು ಚೀಲದ ಬಾಯನ್ನು ಬಿಗಿಮಾಡುತ್ತದೆ. ಅಪ್ಪನ ಪ್ರಾಸ್ಟೇಟ್, ಅಂದರೆ ಮೂತ್ರನಾಳದ ಸುತ್ತಲಿನ ಗ್ರಂಥಿ, ಮೊದಲೇ ದಪ್ಪವಾಗಿತ್ತು. ಧಾರೆ ಸಣ್ಣದಾಗಿ ಎರಡು ವರ್ಷವಾಗಿತ್ತು, ರಾತ್ರಿ ಮೂರು ಸಲ ಏಳುತ್ತಿದ್ದರು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಅವರು ಯಾರಿಗೂ ಹೇಳಿರಲಿಲ್ಲ. ಅಂಥವರಿಗೆ ಡಾಕ್ಟರನ್ನು ಕೇಳದೆ ಶೀತದ ಮಾತ್ರೆ ಕೊಡಲೇಬೇಡಿ. ಮೂತ್ರ ಕಟ್ಟಿದ್ದರ ಜೊತೆ ಕಾಲು ಬಲ ಕಳೆದುಕೊಂಡರೆ, ತೊಡೆಯ ಸಂದು ಮರಗಟ್ಟಿದರೆ ಅದು ಬೆನ್ನುಹುರಿಯ ತೊಂದರೆ ಇರಬಹುದು. ಒಂದು ಗಂಟೆಯೂ ತಡಮಾಡಬೇಡಿ.

ಮೂರು ದಿನ ಕೊಳವೆ ಇತ್ತು. ಹೊರಗಿನ ಚೀಲವನ್ನು ಸೊಂಟಕ್ಕಿಂತ ಕೆಳಗೇ ಇಡಬೇಕು, ಆದರೆ ನೆಲಕ್ಕೆ ತಾಗಬಾರದು. ಕೊಳವೆಯನ್ನು ಎಳೆಯಲೇಬಾರದು, ಬಲೂನು ಒಳಗಿರುತ್ತದೆ. ರಾತ್ರಿ ತಾಮ್ಸುಲೋಸಿನ್ ಮಾತ್ರೆ ಕೊಟ್ಟರು. ಅದು ಮೂತ್ರಚೀಲದ ಬಾಯಿ ಸಡಿಲ ಮಾಡುತ್ತದೆ. ಆದರೆ ತಟ್ಟನೆ ಎದ್ದರೆ ತಲೆ ತಿರುಗುತ್ತದೆ, ಮೊದಲ ರಾತ್ರಿ ಅಪ್ಪನನ್ನು ನಾನೇ ಹಿಡಿದು ಎಬ್ಬಿಸಿದೆ. ನಾಲ್ಕನೇ ಬೆಳಿಗ್ಗೆ ಕೊಳವೆ ತೆಗೆದರು. ಮಧ್ಯಾಹ್ನದೊಳಗೆ ಅಪ್ಪ ತಾವೇ 250 ಮಿಲಿ ಹೋದರು. ಸ್ಕ್ಯಾನ್‌ನಲ್ಲಿ ಒಳಗೆ ಉಳಿದದ್ದು 60 ಮಿಲಿ. ಮನೆಗೆ ಹೋಗಬಹುದು ಎಂದರು.

ಈಗ ಆ ಎರಡು ಮದ್ದಿನ ಹೆಸರನ್ನು ಚೀಟಿಯಲ್ಲಿ ಬರೆದು ಅಪ್ಪನ ಅಂಗಿ ಕಿಸೆಯಲ್ಲಿಟ್ಟಿದ್ದೇನೆ. ಮೆಡಿಕಲ್‌ಗೆ ಹೋದಾಗ ಅದನ್ನೇ ಮೊದಲು ತೋರಿಸುತ್ತಾರೆ.