ಆಟ ಇಷ್ಟ, ಆದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಿಂದ ಎರಡು ಸ್ಟಾರ್ ಕಡಿಮೆ

ಈ ಆಟವನ್ನು ಬಹಳ ಕಾಲದಿಂದ ಪಿಸಿಯಲ್ಲಿ ಆಡುತ್ತಿದ್ದೇನೆ. ಕಥೆ, ಕಾದಾಟ, ಸಂಗೀತ ಎಲ್ಲವೂ ಚೆನ್ನಾಗಿವೆ. ಆದರೂ ಮೂರೇ ಸ್ಟಾರ್ ಕೊಡುತ್ತೇನೆ, ಯಾಕೆಂದರೆ ಗ್ರಾಫಿಕ್ಸ್ ಸೆಟ್ಟಿಂಗ್ ಇದಕ್ಕೆ ನೆನಪೇ ಇರುವುದಿಲ್ಲ.

ನೆರಳು ಕಡಿಮೆ ಮಾಡಿ, 60 ಫ್ರೇಮ್ ಮಿತಿ ಹಾಕಿ, ಆಟ ಮುಚ್ಚುತ್ತೇನೆ. ಮತ್ತೆ ತೆರೆದರೆ ಎಲ್ಲವೂ ಅಲ್ಟ್ರಾ. ಫ್ರೇಮ್ ಮಿತಿ ಇಲ್ಲದ್ದರಿಂದ ಮೊದಲ ಮೆನುವಿನಲ್ಲೇ ಫ್ಯಾನ್ ಜೋರಾಗಿ ತಿರುಗುತ್ತದೆ. ವಿಚಿತ್ರ ಅಂದರೆ, ಹಳೆಯ ಸೇವ್ ಲೋಡ್ ಮಾಡಿದ ಕೂಡಲೇ ಕೆಲವೊಮ್ಮೆ ನನ್ನ ಸೆಟ್ಟಿಂಗ್ ತಾನಾಗಿ ವಾಪಸ್ ಬರುತ್ತದೆ.

ಕಾರಣ ಹುಡುಕಲು ಆಟದ ಫೋಲ್ಡರ್ ತೆರೆದಿಟ್ಟು ನೋಡಿದೆ. ಸೆಟ್ಟಿಂಗ್ ಬದಲಿಸಿ Apply ಒತ್ತಿದರೆ ಯಾವ ಫೈಲಿನ ಸಮಯವೂ ಬದಲಾಗುವುದಿಲ್ಲ. ಮುಂದಿನ ಚೆಕ್‌ಪಾಯಿಂಟ್ ಮುಟ್ಟಿದಾಗ ಮಾತ್ರ ಸೇವ್ ಫೈಲ್ ಬದಲಾಗುತ್ತದೆ. ಹೊಸ ಸ್ಲಾಟ್‌ನಲ್ಲಿ ಆಟ ಶುರು ಮಾಡಿದರೆ ಮತ್ತೆ ಅಲ್ಟ್ರಾ. ಅಂದರೆ ಗ್ರಾಫಿಕ್ಸ್ ಆಯ್ಕೆಗಳು ಆಟದ ಪ್ರಗತಿಯ ಜೊತೆ ಒಂದೇ ಫೈಲಿನಲ್ಲಿವೆ. ಸೇವ್ ಲೋಡ್ ಆಗುವವರೆಗೆ ಅವುಗಳನ್ನು ಯಾರೂ ಓದುವುದಿಲ್ಲ, ಆಟ ಸೇವ್ ಆಗುವವರೆಗೆ ಬರೆಯುವುದೂ ಇಲ್ಲ.

ಕ್ಲೌಡ್ ಸೇವ್ ಇದ್ದರೆ ಇನ್ನೂ ತೊಂದರೆ. ನನ್ನ ಡೆಸ್ಕ್‌ಟಾಪ್ ಪರದೆ 2560×1440, ಲ್ಯಾಪ್‌ಟಾಪ್‌ದು 1920×1080. ಡೆಸ್ಕ್‌ಟಾಪ್‌ನ ಸೇವ್ ಲ್ಯಾಪ್‌ಟಾಪ್‌ಗೆ ಬಂದಾಗ ಅಲ್ಲಿನ ರೆಸಲ್ಯೂಷನ್, ಟೆಕ್ಸ್ಚರ್ ಎಲ್ಲವೂ ಜೊತೆಗೇ ಬಂದವು. ಪರದೆ ಕಪ್ಪಾಯಿತು, ಶಬ್ದ ಮಾತ್ರ ಕೇಳುತ್ತಿತ್ತು. Alt+Enter ಒತ್ತಿ ವಿಂಡೋಗೆ ತಂದ ಮೇಲೆ ಮೆನು ಕಾಣಿಸಿತು.

ಇದು ಹೀಗೇ ಇರಬೇಕಿಲ್ಲ. ಅನ್‌ರಿಯಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಆಯ್ಕೆಗಳು `GameUserSettings.ini` ಎಂಬ ಪಠ್ಯ ಫೈಲಿಗೆ ಹೋಗುತ್ತವೆ. ಪ್ರಗತಿ `SaveGames` ಎಂಬ ಬೇರೆ ಫೋಲ್ಡರಿಗೆ ಹೋಗುತ್ತದೆ. ಆಟ ತೆರೆದಾಗ ಮೊದಲೇ ಆ ಫೈಲ್ ಓದಿದರೆ ಸಾಕು. ಪರದೆ ಕೈಕೊಟ್ಟರೂ ಆ ಒಂದು ಫೈಲ್ ಅಳಿಸಿದರೆ ಆಯ್ತು, ಪ್ರಗತಿಗೆ ಏನೂ ಆಗುವುದಿಲ್ಲ.

ತಯಾರಕರಲ್ಲಿ ಒಂದು ಮಾತು: ಸೆಟ್ಟಿಂಗ್‌ಗಳನ್ನು ಸೇವ್‌ನಿಂದ ಬೇರೆ ಮಾಡುವಾಗ ಎಲ್ಲವನ್ನೂ ಒಂದೇ ಕಡೆ ತುಂಬಬೇಡಿ. ರೆಸಲ್ಯೂಷನ್, ನೆರಳು, ವಿ-ಸಿಂಕ್ ಆಯಾ ಯಂತ್ರದಲ್ಲೇ ಇರಲಿ, ಕ್ಲೌಡ್‌ಗೆ ಹೋಗುವುದೇ ಬೇಡ. ಕೀಲಿಗಳ ಜೋಡಣೆ, ಸಬ್‌ಟೈಟಲ್ ಆಡುವವರ ಜೊತೆ ಎಲ್ಲ ಕಡೆ ಬರಲಿ. ಕಷ್ಟದ ಮಟ್ಟ ಸೇವ್‌ನಲ್ಲೇ ಇದ್ದರೆ ಸರಿ, ಅದು ಆ ಕಥೆಗೇ ಸೇರಿದ್ದು ಅಲ್ವಾ?

ಸದ್ಯಕ್ಕೆ ನಾನು ಮಾಡುತ್ತಿರುವುದು ಇಷ್ಟು: ಸೇವ್ ಲೋಡ್ ಮಾಡಿದ ಮೇಲೆ ಸೆಟ್ಟಿಂಗ್ ಬದಲಿಸುತ್ತೇನೆ, ಒಂದು ಚೆಕ್‌ಪಾಯಿಂಟ್ ಮುಟ್ಟಿಯೇ ಆಟ ಮುಚ್ಚುತ್ತೇನೆ. ಓದುವವರೇ, ನೀವು ಆಡುವ ಬೇರೆ ಆಟದಲ್ಲಿ ಸೆಟ್ಟಿಂಗ್ ಫೈಲ್ ಪ್ರತ್ಯೇಕವಾಗಿದ್ದೂ ಮರೆತುಹೋಗುತ್ತಿದ್ದರೆ ಅದರ Properties ತೆರೆದು Read-only ಗುರುತು ಇದೆಯಾ ನೋಡಿ. ಫೈಲ್ Documents ಒಳಗಿದ್ದರೆ ವಿಂಡೋಸ್‌ನ Controlled folder access ಆನ್ ಆಗಿದೆಯಾ ಎಂದೂ ನೋಡಿ. ಅದು ಆಟವನ್ನು ಅಲ್ಲಿ ಬರೆಯಲು ಬಿಡದೇ ಇರಬಹುದು.