ಬಿಳಿ ಕುಪ್ಯ, ಕಡುಗಪ್ಪು ಮೈಬಣ್ಣ: ಕಯ್ಯಾಲೆಯ ಬೆಳಕಿನಲ್ಲಿ ನಾಲ್ಕು ಬಗೆಯ ಮೀಟರಿಂಗ್

ಕೊಡವ ಮದುವೆಯಲ್ಲಿ ಗಂಡಸರು ತೊಡುವ ನಿಲುವಂಗಿ ಕುಪ್ಯ ನೆಂಟರಿಷ್ಟರದೆಲ್ಲ ಕಪ್ಪು, ಮದುಮಗನದು ಮಾತ್ರ ಬಿಳಿ. ಅವನ ಮೈಬಣ್ಣ ಕಡುಗಪ್ಪಾಗಿದ್ದರೆ ಫೋಟೊ ತೆಗೆಯುವವನಿಗೆ ಅಲ್ಲಿಂದಲೇ ಲೆಕ್ಕ ಶುರು. ಕುಲದ ಹಿರಿಮನೆಯಾದ ಐನ್‌ಮನೆಯ ಕಯ್ಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕೂರಿಸಿದರೆ ಒಂದು ಕೆನ್ನೆಗೆ ಅಂಗಳದ ಮೋಡದ ಬೆಳಕು ಬೀಳುತ್ತದೆ. ಇನ್ನೊಂದು ಕೆನ್ನೆ ಗೋಡೆಯ ಕಡೆಗಿರುತ್ತದೆ. ನೆತ್ತಿಯ ಮೇಲೊಂದು ಹಳದಿ ಬಲ್ಬು. ಮುಖ ಸರಿ ಮಾಡಲು ಹೋದರೆ ಕುಪ್ಯದ ಮಡಿಕೆಗಳೆಲ್ಲ ಅಳಿಸಿಹೋಗುತ್ತವೆ, ಕುಪ್ಯ ಉಳಿಸಲು ಹೋದರೆ ಮುಖ ಕೆಸರಾಗುತ್ತದೆ.

ವಿರಾಜಪೇಟೆ ಕಡೆಯ ಒಂದು ಐನ್‌ಮನೆಯಲ್ಲಿ, ಮಳೆ ಬಿಟ್ಟ ಹೊತ್ತಿನಲ್ಲಿ, ಗೆಳೆಯನೊಬ್ಬನಿಗೆ ಬಿಳಿ ಕುಪ್ಯ ತೊಡಿಸಿ ಒಂದೇ ಜಾಗದಲ್ಲಿ ಕೂರಿಸಿ ಬೆಳಕು ಅಳೆಯುವ ನಾಲ್ಕು ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಅವನ ಬಣ್ಣ ಕಡುಗಪ್ಪು, ಚರ್ಮ ನುಣುಪು. ಐಎಸ್‌ಒ 400, ಅಪರ್ಚರ್ ಎಫ್ 2.8, ಎರಡನ್ನೂ ಬದಲಿಸಲಿಲ್ಲ. ಬದಲಾಗಿದ್ದು ಶಟರ್ ಮಾತ್ರ.

ಮೊದಲನೆಯದು ಎಲ್ಲರೂ ಬಳಸುವುದು: ಇಡೀ ಚೌಕಟ್ಟನ್ನು ಅಳೆಯುವ ಮೀಟರಿಂಗ್. ಕ್ಯಾಮೆರಾ ಸೂಚಿಸಿದ್ದು 1/640. ಚೌಕಟ್ಟಿನ ಅಂಚಿನಲ್ಲಿ ಅಂಗಳ ಹೊಳೆಯುತ್ತಿತ್ತು, ನಡುವೆ ಬಿಳಿ ಬಟ್ಟೆ ತುಂಬಿತ್ತು. ಮೀಟರಿಗೆ ಗೊತ್ತಿರುವುದು ಒಂದೇ, ಕಂಡದ್ದನ್ನೆಲ್ಲ ಸರಾಸರಿ ಮಾಡಿ ನಡುಬೂದು ಬಣ್ಣಕ್ಕೆ ತರುವುದು. ಕುಪ್ಯ ಚೆನ್ನಾಗಿ ಬಂತು, ಒಂದೊಂದು ಹೊಲಿಗೆಯೂ ಕಾಣುತ್ತಿತ್ತು. ಮುಖ ಮಾತ್ರ ಎಷ್ಟು ಕೆಳಗೆ ಹೋಗಿತ್ತೆಂದರೆ ಗೋಡೆ ಕಡೆಯ ಕೆನ್ನೆಗೂ ಹಿಂದಿನ ಮರದ ಕಂಬಕ್ಕೂ ನಡುವೆ ಗೆರೆಯೇ ಇರಲಿಲ್ಲ.

"ರಾ ಫೈಲ್ ಇದೆಯಲ್ಲ, ಆಮೇಲೆ ಎತ್ತಿದರಾಯಿತು" ಅನ್ನುವವರಿದ್ದಾರೆ. ಎತ್ತಿ ನೋಡಿದೆ. ಬೆಳಕಿನ ಕಡೆಯ ಕೆನ್ನೆ ಒಂದು ಮಟ್ಟಿಗೆ ಬಂತು. ನೆರಳಿನ ಕಡೆ ಬಂದದ್ದು ಚರ್ಮವಲ್ಲ, ಕಾಳುಕಾಳಾದ ಬೂದುಬಣ್ಣ. ಅಷ್ಟು ಕಡಿಮೆ ಬೆಳಕು ದಾಖಲಾದ ಕಡೆ ಕೆಂಪು, ಹಸಿರು, ನೀಲಿಗಳ ನಡುವಿನ ವ್ಯತ್ಯಾಸವೇ ಗದ್ದಲದಲ್ಲಿ ಕಳೆದುಹೋಗಿರುತ್ತದೆ. ಕಪ್ಪು ಚರ್ಮದೊಳಗಿನ ಕೆಂಪು, ಕಂದು, ನೀಲಿಯ ಸೂಕ್ಷ್ಮಗಳು ಇರುವುದೇ ಆ ವ್ಯತ್ಯಾಸದಲ್ಲಿ. ಮನೆಯ ಹಿರಿಯರೊಬ್ಬರು ಲ್ಯಾಪ್‌ಟಾಪ್ ನೋಡಿ, "ಇದೇನು, ಹುಡುಗನ ಮುಖಕ್ಕೆ ಬೂದಿ ಬಳಿದ ಹಾಗಿದೆಯಲ್ಲ?" ಅಂದರು. ರೋಗಲಕ್ಷಣವನ್ನು ಅದಕ್ಕಿಂತ ಸರಿಯಾಗಿ ಹೇಳಲಾಗದು.

ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಕೊಟ್ಟು, ಅಂದರೆ ಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಬೆಳಕು ಬಿಟ್ಟು, ಸರಿ ಮಾಡಬಹುದು, ನಿಜ. ಒಂದು ಸ್ಟಾಪ್ ಹೆಚ್ಚಿಸುವುದೆಂದರೆ ಬೆಳಕನ್ನು ಎರಡು ಪಟ್ಟು ಮಾಡುವುದು. 1⅓ ಸ್ಟಾಪ್ ಹೆಚ್ಚಿಸಿದೆ, 1/250ಕ್ಕೆ ಬಂತು, ಫೋಟೊ ಒಪ್ಪುವಂತಾಯಿತು. ಅಷ್ಟರಲ್ಲಿ ಕಪ್ಪು ಕುಪ್ಯ ತೊಟ್ಟ ಅವನ ಬಾವ ಬಂದು ಪಕ್ಕಕ್ಕೆ ಕೂತ. ಚೌಕಟ್ಟಿನೊಳಗೆ ಕಪ್ಪು ಹೆಚ್ಚಿತು, ಮೀಟರ್ ತಾನಾಗಿ 1/320 ಅಂದಿತು. ಅದರ ಮೇಲೆ ನನ್ನ 1⅓ ಸೇರಿ 1/125 ಆಯಿತು. ಗೆಳೆಯನ ಎದೆಯ ಮೇಲಿನ ಬಿಳಿ ಹೋಯಿತು. ಮದುಮಗನ ಮೇಲೆ ಬಿದ್ದ ಬೆಳಕು ಒಂದಿಷ್ಟೂ ಬದಲಾಗಿರಲಿಲ್ಲ, ಬದಲಾದದ್ದು ಪಕ್ಕದವನ ಬಟ್ಟೆ. ಮದುವೆಯಲ್ಲಿ ಈ ವಿಧಾನವನ್ನು ನಾನು ನಂಬದಿರುವುದು ಇದಕ್ಕೇ.

ಎರಡನೆಯದು ಕೆನ್ನೆಯ ಮೇಲೆ ಸ್ಪಾಟ್ ಮೀಟರಿಂಗ್. ಮುಖವೇ ಮುಖ್ಯ ತಾನೇ, ಮುಖವನ್ನೇ ಅಳೆಯೋಣ ಅನ್ನುವ ವಾದ. ಬೆಳಕಿನ ಕಡೆಯ ಕೆನ್ನೆಗೆ ಇಟ್ಟರೆ 1/100 ಬಂತು. ಮೀಟರ್ ಅವನ ಕೆನ್ನೆಯನ್ನೂ ನಡುಬೂದಿಗೆ ಏರಿಸುತ್ತದೆ, ಆದರೆ ಆ ಕೆನ್ನೆ ನಡುಬೂದಲ್ಲ. ನಡುಬೂದು ಎಂದರೆ ಬಿದ್ದ ಬೆಳಕಿನ ಸುಮಾರು ಶೇ. 18ನ್ನು ಹಿಂತಿರುಗಿಸುವ ಬಣ್ಣ. ಈ ಕೆನ್ನೆ ಹಿಂತಿರುಗಿಸುತ್ತಿದ್ದುದು ಶೇ. 7ರಷ್ಟು, ಅಂದರೆ ನಡುಬೂದಿಗಿಂತ 1⅓ ಸ್ಟಾಪ್ ಕೆಳಗೆ. ಹೊಸ ಬಿಳಿ ಬಟ್ಟೆ ಶೇ. 90ರ ಹತ್ತಿರ ಹಿಂತಿರುಗಿಸುತ್ತದೆ, ಅದು 2⅓ ಸ್ಟಾಪ್ ಮೇಲೆ. ಒಂದೇ ಬೆಳಕಿನಲ್ಲಿ ಕೆನ್ನೆಗೂ ಕುಪ್ಯಕ್ಕೂ ಇರುವ ಅಂತರ 3⅔ ಸ್ಟಾಪ್. ಕೆನ್ನೆಯನ್ನು ನಡುಬೂದಿಗೆ ತಂದರೆ ಕುಪ್ಯ ಅದರ ಮೇಲೆ 3⅔ಕ್ಕೆ ಹೋಗುತ್ತದೆ. ನನ್ನ ಕ್ಯಾಮೆರಾದ ರಾ ಫೈಲ್ ನಡುಬೂದಿನ ಮೇಲೆ ಮೂರು ಸ್ಟಾಪ್ ತನಕ ಮಾತ್ರ ಹಿಡಿಯುತ್ತದೆ, ಜೆಪೆಗ್ 2⅔ಕ್ಕೇ ನಿಲ್ಲುತ್ತದೆ. ಕುಪ್ಯ ಉಳಿಯುವ ಪ್ರಶ್ನೆಯೇ ಇಲ್ಲ.

ಕುಪ್ಯವೊಂದೇ ಅಲ್ಲ, ಮುಖವೂ ಸುಳ್ಳಾಗಿತ್ತು: ಅವನು ಅವನಂತಿರಲಿಲ್ಲ, ಎರಡು ಛಾಯೆ ತೆಳುವಾಗಿದ್ದ. ಮುಖ ಗುರುತಿಸಿ ಅಳೆಯುವ ಹೊಸ ಕ್ಯಾಮೆರಾಗಳಲ್ಲೂ ಇದೇ ಚಾಳಿ ಕಂಡಿದ್ದೇನೆ. ಸ್ಪಾಟ್ ಬಳಸುವುದೇ ಆದರೆ ಅಳತೆಯಿಂದ ಒಂದು ಸ್ಟಾಪಿನಷ್ಟು ಇಳಿಸಬೇಕು. ಆದರೆ ಎಷ್ಟು ಇಳಿಸಬೇಕೆನ್ನುವುದು ಆಯಾ ಮನುಷ್ಯನ ಬಣ್ಣದ ಮೇಲೆ ನಿಂತಿದೆ. ಅದನ್ನು ಕಣ್ಣಂದಾಜಿನಲ್ಲಿ ಹೇಳಬಲ್ಲವನಿಗೆ ಸ್ಪಾಟಿನ ಅಗತ್ಯ ಅಷ್ಟೇನೂ ಇಲ್ಲ.

ಇನ್ನೊಂದು ಅಪಾಯವೂ ಇದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇರುವುದು ಮೇಲ್ಮೈಯ ಕೆಳಗೆ. ಮೇಲ್ಮೈಯಿಂದ ಹಾಗೆಯೇ ಪುಟಿದು ಬರುವ ಹೊಳಪು ಎಲ್ಲ ಬಣ್ಣದ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ಕಪ್ಪು ಚರ್ಮದ ಒಳಗಿನಿಂದ ಬರುವ ಬೆಳಕು ಕಡಿಮೆಯಾದ್ದರಿಂದ ಆ ಹೊಳಪು ಎದ್ದು ಕಾಣುತ್ತದೆ. ಕೆನ್ನೆಮೂಳೆ, ಮೂಗು, ಹಣೆಗಳ ಆಕಾರವನ್ನು ಫೋಟೊದಲ್ಲಿ ಬಿಡಿಸಿಕೊಡುವುದೂ ಅದೇ. ಸ್ಪಾಟಿನ ಗುರಿ ಆ ಹೊಳಪಿನ ಮೇಲೆ ಬಿದ್ದರೆ ಒಂದಳತೆ, ಬೆರಳಗಲ ಸರಿದರೆ ಬೇರೆ ಅಳತೆ.

ಮೂರನೆಯದು ಕೈಯಲ್ಲಿ ಹಿಡಿಯುವ ಇನ್ಸಿಡೆಂಟ್ ಮೀಟರ್, ಬಿಳಿ ಗುಮ್ಮಟವಿರುವುದು. ಇದು ಮನುಷ್ಯನಿಂದ ಬರುವ ಬೆಳಕನ್ನು ಅಳೆಯುವುದಿಲ್ಲ, ಅವನ ಮೇಲೆ ಬೀಳುವುದನ್ನು ಅಳೆಯುತ್ತದೆ. ಹಾಗಾಗಿ ಮೈಬಣ್ಣ ಯಾವುದು, ಪಕ್ಕದಲ್ಲಿ ಕೂತವನ ಬಟ್ಟೆ ಯಾವುದು ಅನ್ನುವುದು ಅದಕ್ಕೆ ಬೇಕೇ ಇಲ್ಲ. ಗಲ್ಲದ ಕೆಳಗೆ ಹಿಡಿದು ಗುಮ್ಮಟವನ್ನು ಕ್ಯಾಮೆರಾದ ಕಡೆ ತಿರುಗಿಸಿದೆ. 1/250 ತೋರಿಸಿತು. ಕಪ್ಪು ಕುಪ್ಯದವನು ಬಂದು ಕೂತರೂ 1/250, ಎದ್ದುಹೋದರೂ 1/250.

ಈ ಫೋಟೊದಲ್ಲಿ ಕೆನ್ನೆ ತನ್ನ ಜಾಗದಲ್ಲಿತ್ತು, ಕುಪ್ಯದ ಮಡಿಕೆಗಳೂ ಉಳಿದಿದ್ದವು. ಕೊರತೆ ಅಂದರೆ ಗೋಡೆ ಕಡೆಯ ಕೆನ್ನೆ ಇನ್ನೂ ಭಾರವಾಗಿತ್ತು. ಕುಪ್ಯದ ಮೇಲೆ ಸ್ವಲ್ಪ ಜಾಗ ಉಳಿದಿದ್ದರಿಂದ ⅓ ಸ್ಟಾಪ್ ಹೆಚ್ಚಿಸಿ 1/200 ಮಾಡಿದೆ. ಅದಕ್ಕಿಂತ ಹೆಚ್ಚು ಎತ್ತುವ ಬದಲು ನೆರಳಿನ ಕಡೆಯೇ ಬೆಳಕು ತರುವುದು ವಾಸಿ. ಒಂದು ದೊಡ್ಡ ಥರ್ಮಕೋಲ್ ಹಲಗೆಯನ್ನು ಗೋಡೆ ಕಡೆ, ಚೌಕಟ್ಟಿನಿಂದ ಹೊರಗೆ, ಅವನಿಗೆ ಒಂದು ಮೀಟರ್ ದೂರದಲ್ಲಿ ನಿಲ್ಲಿಸಿದೆ. ಎರಡು ಕೆನ್ನೆಗಳ ನಡುವೆ ಎರಡೂವರೆ ಸ್ಟಾಪ್ ಇದ್ದ ಅಂತರ ಒಂದೂವರೆಗೆ ಇಳಿಯಿತು. ಹಲಗೆ ಅಗಲವಾಗಿರುವುದು ಮುಖ್ಯ: ಅದರ ಬಿಂಬವೇ ದವಡೆಯ ಅಂಚಿನಲ್ಲಿ ಮೆದುವಾದ ಹೊಳಪಾಗಿ ಹರಡಿ, ಮುಖವನ್ನು ಕಂಬದಿಂದ ಬಿಡಿಸಿತು. ಚಿಕ್ಕ ಎಲ್‌ಇಡಿ ಪ್ಯಾನೆಲ್ ಹಿಡಿದರೆ ಅಷ್ಟೇ ಬೆಳಕು ಬರಬಹುದು, ಆದರೆ ಹಣೆಯ ಮೇಲೊಂದು ಬಿಳಿ ಚುಕ್ಕೆಯೂ ಜೊತೆಗೆ ಬರುತ್ತದೆ.

ಇನ್ಸಿಡೆಂಟ್ ಮೀಟರಿನ ಮಿತಿ ಸ್ಪಷ್ಟ. ಮದುಮಗ ಎದ್ದು ಓಡಾಡತೊಡಗಿದ ಮೇಲೆ ಅವನ ಗಲ್ಲದ ಕೆಳಗೆ ಯಾರು ಮೀಟರ್ ಹಿಡಿದುಕೊಂಡು ತಿರುಗುತ್ತಾರೆ?

ಅಲ್ಲಿಗೆ ನಾಲ್ಕನೆಯದು, ಜೀಬ್ರಾ. ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಹಲವಕ್ಕೆ ಈ ಸೌಲಭ್ಯವಿದೆ. ಬಿಳುಪು ಮಿತಿ ಮುಟ್ಟಿದ ಕಡೆ ಪಟ್ಟೆಗಳು ಓಡುತ್ತವೆ. ಮಿತಿಯನ್ನು ನೂರಕ್ಕಿಟ್ಟು, ಮ್ಯಾನುಯಲ್‌ನಲ್ಲಿ ಶಟರನ್ನು ನಿಧಾನ ಮಾಡುತ್ತಾ ಹೋದೆ. ಬೆಳಕಿನ ಕಡೆಯ ಭುಜದ ಮಡಿಕೆಯಲ್ಲಿ ಮೊದಲ ಪಟ್ಟೆ ಕಾಣಿಸಿಕೊಂಡದ್ದು 1/200ರಲ್ಲಿ. ಇನ್ಸಿಡೆಂಟ್ ಮೀಟರ್ ಹಿಡಿದು ⅓ ಸೇರಿಸಿ ನಾನು ನಿಂತದ್ದೂ ಅಲ್ಲಿಯೇ. ಪಟ್ಟೆಗಳು ಜೆಪೆಗ್ ಲೆಕ್ಕದವು, ರಾ ಫೈಲಿನಲ್ಲಿ ಅದರಾಚೆಗೂ ಸುಮಾರು ⅓ ಸ್ಟಾಪ್ ಇದೆ, ಆದ್ದರಿಂದ ಒಂದೆರಡು ಪಟ್ಟೆಗೆ ಹೆದರಬೇಕಿಲ್ಲ. ಯಾವ ಬಿಳಿಯನ್ನು ನೋಡುತ್ತಿದ್ದೇವೆ ಅನ್ನುವುದನ್ನು ಮಾತ್ರ ಮರೆಯಬಾರದು. ಅಂಗಳದ ತುಂಬ ಪಟ್ಟೆ ಓಡಿದರೂ ಓಡಲಿ, ಕಣ್ಣು ಕುಪ್ಯದ ಮೇಲಿರಬೇಕು. ಅಂಗಳವನ್ನೂ ಉಳಿಸುತ್ತೇನೆಂದು ಹೊರಟವನು ಮತ್ತೆ 1/640ಕ್ಕೇ ಬಂದು ನಿಲ್ಲುತ್ತಾನೆ.

ನನ್ನ ಆಯ್ಕೆ ಹೀಗೆ: ಕೂರಿಸಿ ತೆಗೆಯುವಾಗ ಇನ್ಸಿಡೆಂಟ್ ಮೀಟರ್, ಓಡಾಟ ಶುರುವಾದ ಮೇಲೆ ಜೀಬ್ರಾ. ಆದರೆ ಜೀಬ್ರಾ ನಿಂತಿರುವುದು ಬಿಳಿ ಬಟ್ಟೆಯ ಮೇಲೆ. ಕಪ್ಪು ಕುಪ್ಯದ ಬಾವನೊಬ್ಬನೇ ಎದುರಿಗಿದ್ದರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಆಗ ಮದುಮಗನಿಗೆ ಇಟ್ಟ ಸೆಟ್ಟಿಂಗನ್ನೇ, ಅದೇ ಬೆಳಕಿನಲ್ಲಿರುವ ತನಕ, ಮುಟ್ಟದೆ ಬಿಡುತ್ತೇನೆ.

ಇನ್ನು ಬಣ್ಣದ ಮಾತು. ಎಕ್ಸ್‌ಪೋಷರ್ ಸರಿಯಿದ್ದೂ ಮುಖ ಕೆಸರಾಗುವುದುಂಟು. ಅಂಗಳದ ಬೆಳಕು ನೀಲಿಯ ಕಡೆ, ಬಲ್ಬು ಹಳದಿಯ ಕಡೆ. ಎರಡೂ ಒಂದೇ ಕೆನ್ನೆಯ ಮೇಲೆ ಬೆರೆತರೆ ಯಾವ ವೈಟ್ ಬ್ಯಾಲೆನ್ಸೂ ಎರಡನ್ನೂ ಸರಿ ಮಾಡದು. ಬಲ್ಬು ಆರಿಸಿ ಅಂದೆ. ಅರ್ಧ ಸಮಸ್ಯೆ ಅಲ್ಲೇ ಹೋಯಿತು. ಆಮೇಲೆ ಮುಖದ ಪಕ್ಕ ಗ್ರೇ ಕಾರ್ಡ್ ಹಿಡಿಸಿ ವೈಟ್ ಬ್ಯಾಲೆನ್ಸ್ ತೆಗೆದುಕೊಂಡೆ. ನಮ್ಮ ಕಡೆ ಇನ್ನೊಂದು ಕಾಟವಿದೆ: ಅಂಗಳದಾಚೆ ಕಾಫಿ ತೋಟ ಹತ್ತಿರದಲ್ಲೇ ಇದ್ದರೆ ಎಲೆಗಳಿಂದ ಪುಟಿದ ಹಸಿರು ಗಲ್ಲದ ಕೆಳಗೆ ಬಂದು ಕೂರುತ್ತದೆ. ಕಪ್ಪು ಚರ್ಮದ ನೆರಳಿನಲ್ಲಿ ಆ ಹಸಿರು ಕೂಡಲೇ ಕಾಯಿಲೆಯ ಕಳೆ ತರುತ್ತದೆ. ಥರ್ಮಕೋಲ್ ಹಲಗೆ ಇಲ್ಲೂ ಕೆಲಸಕ್ಕೆ ಬಂತು, ಹಸಿರಿನ ಮೇಲೆ ಬಿಳಿ ಬೆಳಕು ಬಿದ್ದು ಅದು ತಿಳಿಯಾಯಿತು.

ಸಂಜೆ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯೊಳಗೆ ತೂಗುದೀಪದ, ಅಂದರೆ ತೂಕು ಬೊಳ್ಚದ, ಹತ್ತಿರ ತೆಗೆಯುವಾಗ ಲೆಕ್ಕ ಸ್ವಲ್ಪ ಬೇರೆ. ದೀಪ ಮತ್ತು ಹಳದಿ ಬಲ್ಬುಗಳಲ್ಲಿ ಕೆಂಪು ಹೆಚ್ಚು. ಒಟ್ಟು ಬೆಳಕಿನ ಹಿಸ್ಟೋಗ್ರಾಂ ನೆಮ್ಮದಿಯಾಗಿ ಕಂಡರೂ ಹಣೆಯ ಹೊಳಪಿನಲ್ಲಿ ಕೆಂಪೊಂದೇ ಮಿತಿ ದಾಟಿರುತ್ತದೆ, ಅಲ್ಲಿ ಚರ್ಮದ ಬದಲು ಹಳದಿ ತೇಪೆ ಕಾಣುತ್ತದೆ. ಮೂರೂ ಬಣ್ಣ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ಹಾಕಿಕೊಳ್ಳಬೇಕು. ವೈಟ್ ಬ್ಯಾಲೆನ್ಸ್ ಹಗಲಿನದ್ದೇ ಇದ್ದರೆ ಕ್ಯಾಮೆರಾ ಕೆಂಪನ್ನು ಇನ್ನಷ್ಟು ಉಬ್ಬಿಸಿ ತೋರಿಸುತ್ತದೆ, ಹಾಗಾಗಿ ತೆಗೆಯುವಾಗಲೇ 3200 ಕೆಲ್ವಿನ್ ಹತ್ತಿರಕ್ಕೆ ಇಟ್ಟರೆ ಅಳತೆ ನಂಬುವಂತಿರುತ್ತದೆ. ಆಮೇಲೂ ಕೆಂಪು ಅಂಚಿಗೆ ಒತ್ತಿಕೊಂಡಿದ್ದರೆ ಅರ್ಧ ಸ್ಟಾಪ್ ಇಳಿಸುತ್ತೇನೆ. ಹಣೆಯ ಜಿಡ್ಡನ್ನು ಟಿಶ್ಯೂ ಒತ್ತಿ ತೆಗೆದರೆ ಅಷ್ಟು ಇಳಿಸುವುದೂ ಎಷ್ಟೋ ಸಲ ಬೇಕಾಗುವುದಿಲ್ಲ. ಪೌಡರ್ ಮಾತ್ರ ಬೇಡ. ಮದುಮಗನ ಮುಖಕ್ಕೆ ಪೌಡರ್ ಬಳಿಯಲು ಯಾರಾದರೊಬ್ಬರು ಡಬ್ಬಿ ಹಿಡಿದುಕೊಂಡು ಕಾದೇ ಇರುತ್ತಾರೆ, ಫೋಟೊ ಮುಗಿಯುವ ತನಕ ಅವರನ್ನು ಊಟಕ್ಕೆ ಕಳಿಸುವುದು ಒಳ್ಳೆಯದು.